ಸಂಜೆ ಎಸೆದ ಪ್ಲೇಟುಗಳು

ವಿಕ್ರೋಳಿಯ ನಮ್ಮ ಕಾಲೇಜಿನ ಲ್ಯಾಬಿನಲ್ಲಿ ನಾನು ಅಟೆಂಡರ್. ಬ್ಯಾಕ್ಟೀರಿಯಾ ಬೆಳೆಸುವ ಬೆಚ್ಚನೆಯ ಪೆಟ್ಟಿಗೆಯನ್ನು, ಅಂದರೆ ಇನ್ಕ್ಯುಬೇಟರನ್ನು, ಸಂಜೆ ಐದೂವರೆಗೆ ಖಾಲಿ ಮಾಡುವುದು ನನ್ನ ಪದ್ಧತಿಯಾಗಿತ್ತು. ನೋಡಿ ಮುಗಿದ ಪ್ಲೇಟುಗಳನ್ನು ಚೀಲಕ್ಕೆ ತುಂಬಿ, ಆಟೋಕ್ಲೇವಿನಲ್ಲಿ ಬೇಯಿಸಿ, ಟೇಬಲ್ ಒರೆಸಿ, ಘಾಟ್ಕೋಪರಿಗೆ ಲೋಕಲ್ ಹಿಡಿಯುತ್ತಿದ್ದೆ. ಮನೆಯಲ್ಲಿ ಕಾಯುವವರು ಯಾರೂ ಇಲ್ಲ. ಆದರೂ ಐದೂವರೆ ಎಂದರೆ ಐದೂವರೆ.

ಆ ವರ್ಷ ಪಿಎಚ್‌ಡಿಗೆ ಬಂದವಳು ಸಾಂತಾಕ್ರೂಜ್‌ನ ಹುಡುಗಿ, ಉಡುಪಿ ಹೋಟೆಲಿನವರ ಮಗಳು. ಮಧ್ಯಾಹ್ನ ನನ್ನೆದುರೇ ಡಬ್ಬಿ ಬಿಚ್ಚುತ್ತಿದ್ದಳು. ಅವಳಿಗೆಂದು ನಾನು ಒಂದು ಬಂಗುಡೆ ಮೀನು ಹೆಚ್ಚು ಹುರಿದು ತರುತ್ತಿದ್ದೆ. ದಿನದಲ್ಲಿ ನಾನು ಬಾಯಿಬಿಟ್ಟು ಕನ್ನಡ ಮಾತಾಡುತ್ತಿದ್ದುದು ಆ ಅರ್ಧ ಗಂಟೆ ಮಾತ್ರ.

ಅವಳು ಗಟಾರದ ನೀರಿನಿಂದ ಒಂದು ಫೇಜ್ ಹಿಡಿದಿದ್ದಳು. ಫೇಜ್ ಎಂದರೆ ಬ್ಯಾಕ್ಟೀರಿಯಾಕ್ಕೆ ತಗಲುವ ವೈರಸ್. ಔಷಧಿಗೆ ಬಗ್ಗದ ಮೂತ್ರದ ಸೋಂಕಿನ ಬ್ಯಾಕ್ಟೀರಿಯಾವನ್ನು ಇದು ಕೊಲ್ಲುತ್ತಿತ್ತು. ಜುಲೈ ಕೊನೆಗೆ ಅದನ್ನು ಆಸ್ಪತ್ರೆಯ ಡಾಕ್ಟರರಿಗೆ ಕೊಡಬೇಕು. ಅವಳ ಪ್ರಬಂಧ ನಿಂತಿದ್ದೇ ಅದರ ಮೇಲೆ. ಆದರೆ ಒಂದು ಷರತ್ತು: ಅದು ಕೊಲ್ಲುವುದನ್ನು ಮಾತ್ರ ಬಲ್ಲ ಫೇಜ್ ಆಗಿರಬೇಕು.

"ಒಳಗೆ ಹೋದ್ಮೇಲೆ ಕೆಲವಕ್ಕೆ ಎರಡು ರಸ್ತಾ ಆಂಟಿ," ಎಂದು ಅವಳು ಮೀನಿನ ಮುಳ್ಳು ಬಿಡಿಸುತ್ತಲೇ ಹೇಳಿದ್ದಳು. "ಒಂದು, ಮರಿ ಹಾಕಿ ಹಾಕಿ ಸೆಲ್ ಒಡೆದು ಹೊರಗೆ. ಇನ್ನೊಂದು, ಅದರ ಡಿಎನ್‌ಎಯಲ್ಲಿ ಸೇರ್ಕೊಂಡು ಚುಪ್‌ಚಾಪ್ ಕೂತ್ಕೊಳ್ಳೋದು. ಪೇಯಿಂಗ್ ಗೆಸ್ಟ್ ತರಹ."

ಯಾವ ದಾರಿ ಎಂಬುದನ್ನು ತೀರ್ಮಾನಿಸುವುದು ಫೇಜ್‌ನದೇ ಎರಡು ಪ್ರೋಟೀನುಗಳ ಪೈಪೋಟಿ. ಡಿಎನ್‌ಎಯ ಒಂದು ಚಿಕ್ಕ ಜಾಗಕ್ಕಾಗಿ ಎರಡೂ ಹೊಡೆದಾಡುತ್ತವೆ. ಒಂದು ಗೆದ್ದರೆ ಒಡೆಯುವ ಜೀನುಗಳಿಗೆಲ್ಲ ಬೀಗ ಹಾಕಿ, ತನ್ನನ್ನು ತಾನೇ ಇನ್ನಷ್ಟು ಮಾಡಿಕೊಳ್ಳುತ್ತದೆ. ಇನ್ನೊಂದು ಗೆದ್ದರೆ ಆ ಬೀಗವೇ ತಯಾರಾಗುವುದಿಲ್ಲ. ಬ್ಯಾಕ್ಟೀರಿಯಾ ಹಸಿದಿದ್ದರೆ, ಒಂದಕ್ಕೇ ಹಲವು ಫೇಜ್‌ಗಳು ನುಗ್ಗಿದರೆ, ಸುಮ್ಮನೆ ಕೂರುವ ಕಡೆಗೆ ತಕ್ಕಡಿ ವಾಲುತ್ತದೆ. ಅಂಥ ಬಾಡಿಗೆದಾರನಿರುವ ಬ್ಯಾಕ್ಟೀರಿಯಾ ಸಾಯುವುದಿಲ್ಲ. ಅದೇ ಜಾತಿಯ ಬೇರೆ ಫೇಜ್ ಬಂದರೂ ಒಳಗಿನ ಬೀಗ ಅದನ್ನೂ ತಡೆಯುತ್ತದೆ. ರೋಗಿಗೆ ಅದರಿಂದ ಏನು ಉಪಯೋಗ?

ಅವಳು ಬೆಳಿಗ್ಗೆ ಹತ್ತಕ್ಕೆ ಬ್ಯಾಕ್ಟೀರಿಯಾ, ಫೇಜ್ ಬೆರೆಸಿ ಪ್ಲೇಟ್ ಹಾಕಿ, ನಾಲ್ಕೂವರೆಗೆ ಫೋಟೊ ತೆಗೆಯುತ್ತಿದ್ದಳು. ಬ್ಯಾಕ್ಟೀರಿಯಾ ಸತ್ತ ಕಡೆ ಸಣ್ಣ ಸಣ್ಣ ಚುಕ್ಕೆಗಳು, ಗಾಜಿನಷ್ಟು ಸ್ವಚ್ಛ. ಐದೂವರೆಗೆ ಅವು ನನ್ನ ಚೀಲದೊಳಗೆ. ಮೂರು ತಿಂಗಳು ಹೀಗೇ ನಡೆಯಿತು.

ಜುಲೈಯಲ್ಲಿ ಒಂದು ದಿನ ಹಳಿಗಳ ಮೇಲೆ ನೀರು ನಿಂತಿದೆ, ಎಲ್ಲರೂ ಬೇಗ ಹೊರಡಿ ಎಂದರು. ಅವಳು ಬಸ್ಸಿಗೆ ಓಡಿದಳು. ನಾನೂ ಪ್ಲೇಟುಗಳನ್ನು ಹಾಗೇ ಬಿಟ್ಟು ಹೊರಟೆ. ಮರುದಿನ ಬೆಳಿಗ್ಗೆ ಮೊದಲು ಬಂದವಳು ನಾನೇ. ಪ್ಲೇಟನ್ನು ಬೆಳಕಿಗೆ ಹಿಡಿದರೆ ಪ್ರತಿ ಚುಕ್ಕೆಯ ನಡುವೆ ತೆಳ್ಳಗೆ ಮಂಜು, ಕನ್ನಡಕಕ್ಕೆ ಉಸಿರು ತಾಗಿದ ಹಾಗೆ. ಸಾಯದೆ ಉಳಿದ ಬ್ಯಾಕ್ಟೀರಿಯಾ ರಾತ್ರಿಯಿಡೀ ಬೆಳೆದಿತ್ತು. ಸಂಜೆಗೆ ಅದು ಕಣ್ಣಿಗೆ ಕಾಣುವಷ್ಟು ಇರುವುದಿಲ್ಲ.

ಎಸೆದುಬಿಡಬಹುದಿತ್ತು, ಯಾರಿಗೂ ತಿಳಿಯುತ್ತಿರಲಿಲ್ಲ. ಅವಳು ಬಂದ ಕೂಡಲೇ ಕೈಗೆ ಕೊಟ್ಟೆ. ಅವಳು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿ ನೋಡಿದಳು.

"ನೀವು ದಿನಾ ಫೇಂಕ್ ಮಾಡ್ತಿದ್ರಲ್ಲ ಆಂಟಿ."

"ನೀನು ನೋಡಿ ಆಯ್ತು ಅಂತ ಹೇಳ್ತಿದ್ದೆಯಲ್ಲ ಮಗಾ."

ಅಷ್ಟೇ. ಆ ಮಂಜಿನ ಬ್ಯಾಕ್ಟೀರಿಯಾವನ್ನು ಎತ್ತಿ, ಶುದ್ಧ ಮಾಡಿ ಬೆಳೆಸಿ, ಮೇಲೆ ಅದೇ ಫೇಜ್ ಹನಿಸಿದಳು. ಏನೂ ಆಗಲಿಲ್ಲ. ಯುವಿ ಬೆಳಕು ಹಾಯಿಸಿದಾಗ ಬೀಗದ ಪ್ರೋಟೀನ್ ತುಂಡಾಗಿ, ಒಳಗೆ ಮಲಗಿದ್ದ ಫೇಜ್ ಎದ್ದಿತು. ಬ್ಯಾಕ್ಟೀರಿಯಾ ಒಡೆದು ಟ್ಯೂಬಿನ ಕದಡು ತಿಳಿಯಾಯಿತು. ಇದು ಕೊಲ್ಲುವುದನ್ನು ಮಾತ್ರ ಬಲ್ಲ ಫೇಜ್ ಅಲ್ಲ, ಇನ್ನು ಅನುಮಾನವೇ ಇಲ್ಲ. ಆಸ್ಪತ್ರೆಗೆ ಹೋಗಬೇಕಾದದ್ದು ಹೋಗಲಿಲ್ಲ. ಅವಳು ಊಟಕ್ಕೆ ಕ್ಯಾಂಟೀನಿಗೆ ಹೋಗತೊಡಗಿದಳು. ಹೆಚ್ಚಿನ ಬಂಗುಡೆಯನ್ನು ನಾನು ಸಂಜೆ ಮನೆಗೆ ವಾಪಸ್ ಒಯ್ಯುತ್ತಿದ್ದೆ.

ಅವಳ ಗೈಡ್ ಒಂದು ದಾರಿ ಹೇಳಿದರು. ಸಾವಿರಾರು ಮಂಜು ಚುಕ್ಕೆಗಳ ನಡುವೆ ಎಲ್ಲೋ ಒಂದರಲ್ಲಿ ಬೀಗದ ಜೀನೇ ಕೆಟ್ಟಿರಬಹುದು. ಅಂಥದ್ದು ಮರುದಿನವೂ ಸ್ವಚ್ಛವಾಗಿಯೇ ಇರುತ್ತದೆ. ಹುಡುಕಲು ತಾಳ್ಮೆ ಬೇಕು, ಅಷ್ಟೇ. ಅವಳು ಪ್ಲೇಟ್ ಹಾಕಿ ಹೋಗುತ್ತಿದ್ದಳು. ಬೆಳಿಗ್ಗೆ ಏಳೂವರೆಗೆ ಬಂದು, ಒಂದೊಂದನ್ನೇ ಕಿಟಕಿಗೆ ಹಿಡಿದು ನೋಡುವ ಕೆಲಸವನ್ನು ನಾನೇ ಕೇಳಿ ತೆಗೆದುಕೊಂಡೆ. ಕಣ್ಣು ಉರಿಯುತ್ತಿತ್ತು. ಹದಿನೇಳನೆಯ ದಿನ ಒಂದು ಪ್ಲೇಟಿನ ಅಂಚಿನಲ್ಲಿ ಒಂದೇ ಒಂದು ಚುಕ್ಕೆಯ ಆಚೆ ಕಿಟಕಿಯ ಸರಳು ಸ್ಪಷ್ಟವಾಗಿ ಕಂಡಿತು. ಸುತ್ತ ಪೆನ್ನಿನಿಂದ ಗೆರೆ ಎಳೆದೆ.

ಅವಳು ಅದನ್ನು ಎತ್ತಿ ಮತ್ತೆ ಬೆಳೆಸಿದಳು. ಒಂದು ರಾತ್ರಿ ಕಳೆಯಿತು, ಎರಡು ಕಳೆಯಿತು, ಮಂಜು ಬರಲಿಲ್ಲ. ಜೀನ್ ಓದಿಸಿ ಖಚಿತ ಮಾಡಿಕೊಳ್ಳುವವರೆಗೆ ಡಾಕ್ಟರರಿಗೆ ಹೇಳುವುದು ಬೇಡ ಎಂದು ಗೈಡ್ ತಡೆದರು. ಅದಕ್ಕೆಂದು ಅವಳು ಪುಣೆಯ ಲ್ಯಾಬಿಗೆ ಹೊರಟಳು, ಆರು ತಿಂಗಳಿಗೆ. ಐಸ್ ಡಬ್ಬಿಯನ್ನು ಎದೆಗೆ ಒತ್ತಿಕೊಂಡು ಬಾಗಿಲಲ್ಲಿ ನಿಂತು ಹೇಳಿದಳು:

"ಫ್ರಿಜ್‌ನಲ್ಲಿ ಇದರದ್ದೇ ಇನ್ನೊಂದು ಟ್ಯೂಬ್ ಇಟ್ಟಿದ್ದೇನೆ ಆಂಟಿ. ನಿಮ್ಮ ಹತ್ರಾನೇ ಇರ್ಲಿ."

ಅದು ಈಗಲೂ ಎರಡನೇ ಅರೆಯಲ್ಲಿದೆ. ಫ್ರಿಜ್ಜಿನ ತಾಪಮಾನ ಬರೆದುಕೊಳ್ಳುವಾಗ ದಿನಾ ನೋಡುತ್ತೇನೆ. ಇನ್ಕ್ಯುಬೇಟರ್ ಮಾತ್ರ ಐದೂವರೆಗೆ ಖಾಲಿ ಮಾಡುವುದಿಲ್ಲ. ಪ್ಲೇಟುಗಳನ್ನು ಒಳಗೇ ಬಿಟ್ಟು ದೀಪ ಆರಿಸಿ ಸ್ಟೇಶನ್ನಿಗೆ ನಡೆಯುತ್ತೇನೆ.