ಕರಿ ಬಟ್ಟೆಯೊಳಗಿನ ಕೈ

ಅಂದು ಆ ಸ್ಟುಡಿಯೋದಲ್ಲಿ ನಾನು ನಿಜವಾಗಿ ಇದ್ದೆನೋ, ಮನೆಯಲ್ಲಿ ಕೇಳಿದ್ದನ್ನೇ ಕಂಡದ್ದೆಂದು ನಂಬಿಕೊಂಡೆನೋ, ಈಗ ಹೇಳಲಾರೆ. ಕಳೆದ ತಿಂಗಳು ಅಕ್ಕನ ಮನೆಯ ಗೋಡೆಯಿಂದ ಅವಳ ಮಗ ಕೂಸಾಗಿದ್ದಾಗಿನ ಫೋಟೋ ಬಿದ್ದು ಗಾಜು ಒಡೆಯಿತು. ಹೊಸ ಗಾಜು ಹಾಕಿಸಲೆಂದು ನನ್ನ ಕೈಗೆ ಕೊಟ್ಟಳು. ಹಳೆಯ ರಟ್ಟಿನ ಮುಗ್ಗಲು ವಾಸನೆ ಮೂಗಿಗೆ ಬಡಿದದ್ದೇ ತಡ, ಎದುರುಮನೆ ದೊಡ್ಡವ್ವ ನೆನಪಾದಳು...

ಎಪ್ಪತ್ತರ ದಶಕದ ನಡುವಿನ ಮಾತು. ನಾನು ಧಾರವಾಡದಲ್ಲಿ ಎಂ.ಎ. ಓದುತ್ತಿದ್ದೆ. ಹೆರಿಗೆಗೆಂದು ಇಂಡಿ ಊರಿನ ನಮ್ಮ ಮನೆಗೆ ಬಂದ ಅಕ್ಕ ಕಾಮಾಲೆಯಿಂದ ಹಾಸಿಗೆ ಹಿಡಿದಿದ್ದಳು. ಅವ್ವನಿಗೆ ಅಕ್ಕನ ಆರೈಕೆಯೇ ಸಾಕುಸಾಕಾಗುತ್ತಿತ್ತು. ಕೂಸನ್ನು ಎತ್ತಿ ಬೆಳೆಸಿದವಳು ಎದುರುಮನೆ ದೊಡ್ಡವ್ವ. ಸಣ್ಣ ವಯಸ್ಸಿಗೇ ಗಂಡನನ್ನು ಕಳೆದುಕೊಂಡವಳು. ಬಳೆಯಿಲ್ಲದ ಎಡ ಮಣಿಕಟ್ಟಿನ ಮೇಲೆ ಒಂದು ಚೇಳಿನ ಹಚ್ಚೆ. "ಅಳಬ್ಯಾಡ, ಚೇಳು ಕಡೀತೈತಿ" ಎಂದು ಅವಳು ಹೆದರಿಸಿದರೆ ಕೂಸು ಆ ಚೇಳನ್ನೇ ಹಿಡಿದುಕೊಂಡು ನಗುತ್ತಿತ್ತು.

ಕೂಸು ಬೇರೆ ಯಾರ ಕೈಯಲ್ಲೂ ಸುಮ್ಮನೆ ಕೂರುತ್ತಿರಲಿಲ್ಲ. ಹಾಗಾಗಿ ಫೋಟೋ ತೆಗೆಸುವ ದಿನ ಸ್ಟುಡಿಯೋದವನು ಅವಳನ್ನೇ ಸ್ಟೂಲಿನ ಮೇಲೆ ಕೂಡಿಸಿ, ತಲೆಯಿಂದ ಕಾಲಿನವರೆಗೆ ಕರಿ ಬಟ್ಟೆ ಹೊದಿಸಿ, ಮಡಿಲಲ್ಲಿ ಕೂಸನ್ನಿಟ್ಟ. "ಅಲುಗಾಡಬ್ಯಾಡ ಯವ್ವಾ, ಕೂಸು ಒಂದ ಬರಬೇಕು" ಎಂದ.

"ಜನ್ಮ ಪೂರಾ ಹಿಂಗ ಕುಂತೇನಿ ತಗೋಪಾ," ಬಟ್ಟೆಯೊಳಗಿಂದ ದನಿ ಬಂತು. "ಇದೇನ್ ಹೊಸಾದಲ್ಲ."

ಹೀಗೆಂದು ನನ್ನ ನೆನಪು.

ಆ ಕೂಸು ಬೆಳೆದು ಅವನಿಗೆ ಮದುವೆ ಗೊತ್ತಾದಾಗ, ವಧೂವರರ ಬಾಲ್ಯದ ಫೋಟೋಗಳನ್ನು ಜೋಡಿಸಿ ವಿಡಿಯೋ ಮಾಡಿಸುವ ಹೊಸ ಗೀಳು ನಮ್ಮ ಕಡೆಗೂ ಬಂದಿತ್ತು. ಹಿನ್ನೆಲೆ ದನಿಗೆ ಸಾಲು ಬರೆಯುವ ಕೆಲಸ 'ಓದಿದವ' ಎಂದು ನನಗೆ ಬಿತ್ತು. ವಿಡಿಯೋದವನು ಕಿಟಕಿಯ ಪಕ್ಕ ಫೋಟೋಗಳನ್ನು ಒಂದೊಂದಾಗಿ ನಿಲ್ಲಿಸಿ, ಗಾಜು ಹೊಳೆಯದಂತೆ ವಾರೆ ಮಾಡಿ ಕ್ಯಾಮೆರಾದಲ್ಲಿ ಹಿಡಿದುಕೊಂಡ. ಹುಡುಗನದೊಂದು, ಹುಡುಗಿಯದೊಂದು, ಕೊನೆಗೆ ಎರಡೂ ಅಕ್ಕಪಕ್ಕ.

"ಸರ, ಒಂದು ಫೋಟೋ ಏಳೆಂಟು ಸೆಕೆಂಡ್ ನಿಲ್ತೈತ್ರಿ. ಒಂದ ಉಸಿರಿಗೆ ಓದಿ ಮುಗೀಬೇಕು. ಹಾಡು ಸಣ್ಣ ಮಾಡಿ ಮ್ಯಾಲ ದನಿ ಕೂಡಸ್ತೇನಿ. ಫೋಟೋದಾಗ ಕಾಣೂದನ್ನ ಬರೀಬ್ಯಾಡ್ರಿ, ಅದು ಮಂದಿಗೆ ಕಾಣಿಸ್ತೈತಿ. ಕಾಣದ್ದು ಬರೀರಿ."

ಕಾಣದ್ದನ್ನೇ ಬರೆದೆ. ಹುಡುಗಿಯ ಶಾಲೆಯ ಫೋಟೋಕ್ಕೆ, "ಈ ಜಡೆಯ ರಿಬ್ಬನ್ನು ಪಕ್ಕದ ಗೆಳತಿಯದು." ನಮ್ಮ ಕೂಸಿನ ಫೋಟೋದಲ್ಲಿ ಕರಿ ಬಟ್ಟೆಯಿಂದ ಹೊರಬಂದ ಕೈಯ ನಾಲ್ಕು ಬೆರಳು ಮಾತ್ರ ಕಾಣುತ್ತಿದ್ದವು, ಮಣಿಕಟ್ಟು ಚೌಕಟ್ಟಿನ ರಟ್ಟಿನಡಿ ಮುಚ್ಚಿತ್ತು. ಅದಕ್ಕೆ ಬರೆದೆ: "ಅಲುಗಾಡದೆ ಕೂತದ್ದು ಕೂಸಲ್ಲ, ಕೂಸನ್ನು ಹಿಡಿದ ಎದುರುಮನೆ ದೊಡ್ಡವ್ವ."

ಅಕ್ಕ ಓದಿ ಮುಖ ಗಂಟಿಕ್ಕಿದಳು. "ಮದುವಿ ವಿಡಿಯೋದಾಗ ಗಂಡ ಇಲ್ಲದಾಕಿ ಹೆಸರು ಯಾಕೋ ತಮ್ಮಾ? ಬೀಗರು ಏನಂದಾರು? ಅದು ಅವ್ವನ ಕೈ."

"ದೊಡ್ಡವ್ವಂದು. ನಾ ಅಲ್ಲೇ ಇದ್ದೆ."

"ಖಾತ್ರಿ ಐತೇನು? ದೇವರು ಅದಾನ ಅಂದ್ರ ಸಾಕ್ಷಿ ಕೇಳಾವ ನೀನು. ಈಗ ತೋರಸು ಸಾಕ್ಷಿ."

ಅಕ್ಕನ ದನಿ ಇಳಿಯಿತು. "ಅವ್ವ ಹೋಗಿಬಿಟ್ಲು, ನನ್ನ ಮಗನ ಜೋಡಿ ಆಕಿ ಇರೂದು ಒಂದೂ ಫೋಟೋ ಇಲ್ಲೋ. ಇದೊಂದು ಇರಲಿ ಬಿಡು."

ಆದರೂ ನಾನು ಸಾಲು ಬದಲಿಸಲಿಲ್ಲ. ಹಾಗೆಯೇ ವಿಡಿಯೋದವನಿಗೆ ಕೊಟ್ಟೆ.

ಮುದ್ದೇಬಿಹಾಳದಲ್ಲಿ ಮದುವೆ. ಸಿಂದಗಿಯಲ್ಲಿ ತಮ್ಮನ ಮಗನ ಮನೆ ಸೇರಿದ್ದ ದೊಡ್ಡವ್ವ ಬಸ್ಸು ಬದಲಿಸಿಕೊಂಡು ಬಂದು, ಮಂಟಪದ ಕಟ್ಟಕಡೆಯ ಸಾಲಿನಲ್ಲಿ ಕೂತಿದ್ದಳು. ಸಂಜೆ ಟೀವಿಯಲ್ಲಿ ಆ ಫೋಟೋ ಬಂತು. ಕ್ಯಾಮೆರಾ ಮೆಲ್ಲಗೆ ಮುಖದ ಹತ್ತಿರ ಸರಿದು ಬೆರಳುಗಳೂ ಪರದೆಯಿಂದ ಆಚೆ ಹೋದವು. ಹಾಡು ತಗ್ಗಿತು. ಬಾಡಿಗೆಯ ದನಿಯೊಂದು ಓದಿತು: "ಅಜ್ಜಿಯ ಮಡಿಲೇ ಇವನ ಮೊದಲ ಸಿಂಹಾಸನ." ಮಂದಿ ಚಪ್ಪಾಳೆ ತಟ್ಟಿದರು. ನನ್ನ ಸಾಲನ್ನು ಬದಲಿಸಿದ್ದು ಯಾರೆಂದು ಅಕ್ಕನನ್ನು ಕೇಳುವ ಅಗತ್ಯವಿರಲಿಲ್ಲ.

ನಾನು ದೊಡ್ಡವ್ವನ ಪಕ್ಕ ಹೋಗಿ ಕೂತೆ. ಅವಳ ಕಣ್ಣು ಟೀವಿಯ ಮೇಲೇ ಇತ್ತು.

"ಕೂಸು ಚಂದ ಬಂದೈತಿ ನೋಡಪಾ. ಒಟ್ಟ ಅಲುಗಾಡಿಲ್ಲ," ಎಂದಳು. ಆಮೇಲೆ, "ನಿಮ್ಮವ್ವ ಇದ್ದಿದ್ರ ಹಿಗ್ಗತಿದ್ಲು."

ಅದು ಸಮಾಧಾನವೋ, ಚುಚ್ಚುಮಾತೋ... ಎಷ್ಟು ಸಲ ತಿರುವಿ ಹಾಕಿದರೂ ನನಗೆ ತಿಳಿದಿಲ್ಲ. ಸೆರಗನ್ನು ಮಣಿಕಟ್ಟಿನ ಮೇಲೆ ಎಳೆದುಕೊಂಡು, ಊಟಕ್ಕೂ ನಿಲ್ಲದೆ ಎದ್ದು ಹೋದಳು. ಅವಳು ತೀರಿಕೊಂಡ ಸುದ್ದಿ ನನಗೆ ತಿಳಿಯುವಷ್ಟರಲ್ಲಿ ದಿನಕರ್ಮಗಳೆಲ್ಲ ಮುಗಿದಿದ್ದವು. ಅಕ್ಕನ ಮಗ ಇಂದಿಗೂ ತನ್ನ ಮಕ್ಕಳಿಗೆ ಆ ವಿಡಿಯೋ ಹಚ್ಚಿ, "ಇದು ನಮ್ಮಜ್ಜಿ ತೊಡಿ" ಎನ್ನುತ್ತಾನಂತೆ.

ಗಾಜು ಹಾಕಿಸುವ ಮೊದಲು ಫೋಟೋವನ್ನು ರಟ್ಟಿನಿಂದ ಬಿಡಿಸಿ, ಕಿಟಕಿಯ ಬೆಳಕಿಗೆ ಹಿಡಿದು ಭೂತಗನ್ನಡಿಯಲ್ಲಿ ನೋಡಿದೆ. ಮಣಿಕಟ್ಟಿನಲ್ಲಿ ಬಳೆಯಿಲ್ಲ. ಚೇಳು ಇದೆ.