ಉಮರನ ಎದೆ, ಮಕ್ತುಮಬಿಯ ದಬ್ಬಣ

ಉಮರನ ಹೊಕ್ಕುಳಿನ ಸುತ್ತ ನಾಲ್ಕು ಸುಟ್ಟ ಗುರುತುಗಳಿವೆ. ಅವು ಹೇಗೆ ಬಂದವು ಎಂದು, ಇದನ್ನು ಬರೆಯಲು ಹೋದ ನಾನು ಕೇಳಿದಾಗ ಅವನ ತಾಯಿ ಇರ್ಫಾನಾ ದನಿ ಏರಿಸದೆ ಮೊದಲಿನಿಂದ ಹೇಳಿದಳು. ಪೊಲೀಸರಿಗೆ, ವಕೀಲರಿಗೆ, ಡಾಕ್ಟರಿಗೆ ಹೇಳಿ ಹೇಳಿ ಅವಳಿಗೆ ಅದು ಬಾಯಿಪಾಠವಾಗಿದೆ.

ಅವಳಿಗೆ ಇಪ್ಪತ್ನಾಲ್ಕು ವರ್ಷ. ತವರು ಬಬಲೇಶ್ವರ, ಕೊಟ್ಟದ್ದು ಘೋಣಸಗಿಗೆ. ಗಂಡ ಅಯೂಬ ದ್ರಾಕ್ಷಿ ತೋಟಗಳಿಗೆ ಔಷಧ ಹೊಡೆಯುವ ಟ್ರ್ಯಾಕ್ಟರ್ ಓಡಿಸುತ್ತಾನೆ. ಬಸಿರಿ ಆಗುವವರೆಗೆ ಅವಳೂ ತಿಕೋಟಾದ ಶೆಡ್ಡೊಂದರಲ್ಲಿ ಒಣದ್ರಾಕ್ಷಿ ಆರಿಸುತ್ತಿದ್ದಳು. ಅತ್ತೆ ಮಕ್ತುಮಬಿಗೆ ಅರವತ್ತು ದಾಟಿದೆ. ಸುತ್ತಲಿನ ಹತ್ತು ಹಳ್ಳಿಗಳಲ್ಲಿ ಅವಳ ಹೆಸರಿಗೆ ಬೆಲೆ ಇತ್ತು. ಉಸಿರಾಡಲಾಗದೆ ಕೂಸಿನ ಪಕ್ಕೆ ಒಳಗೆ ಎಳೆದರೆ ಇಲ್ಲಿ ಅದಕ್ಕೆ ಡಬ್ಬಾ ಎನ್ನುತ್ತಾರೆ. ಚೀಲ ಹೊಲಿಯುವ ದಬ್ಬಣವನ್ನು ಕೆಂಪಗೆ ಕಾಯಿಸಿ ಹೊಟ್ಟೆಗೆ ಚುಟಗಿ, ಅಂದರೆ ಬರೆ, ಇಟ್ಟರೆ ಡಬ್ಬಾ ಬಿಡುತ್ತದೆ ಎಂದು ನಂಬಿದವರು ಮಕ್ಕಳನ್ನು ಎತ್ತಿಕೊಂಡು ಅವಳ ಬಾಗಿಲಿಗೆ ಬರುತ್ತಿದ್ದರು. ಅಯೂಬನ ಹೊಟ್ಟೆಯ ಮೇಲೂ ಮೂರು ಗುರುತುಗಳಿವೆ.

ಉಮರ ಹುಟ್ಟಿದ್ದು ವಿಜಯಪುರದ ಆಸ್ಪತ್ರೆಯಲ್ಲಿ. ಎತ್ತಿಕೊಂಡರೆ ಒದ್ದೆ ಬಟ್ಟೆಯಂತೆ ಕೈಯಿಂದ ಜಾರುತ್ತಿದ್ದ. ಎರಡನೆಯ ದಿನ ಮಕ್ಕಳ ಡಾಕ್ಟರ್ ಯಶೋಧರಾ ಮಂಚದ ಅಂಚಿನಲ್ಲಿ ಕುಳಿತು ಹೇಳಿದರು: "ಇದು ಡೌನ್ ಸಿಂಡ್ರೋಮ್ ಇದ್ದಂಗ ಕಾಣತೈತಿ. ರಕ್ತ ಕಳಸೇವಿ, ಖಾತ್ರಿ ಆಗತೈತಿ. ಹೊಟ್ಟ್ಯಾಗ ಇದ್ದಾಗಲೇ ಒಂದು ಕ್ರೋಮೋಸೋಮ್ ಹೆಚ್ಚಿಗಿ ಬಂದೈತಿ. ನೀ ತಿಂದದ್ದರಿಂದ ಅಲ್ಲ, ಮಾಡಿದ್ದರಿಂದ ಅಲ್ಲ."

ಅಯೂಬ ಕೈಯಲ್ಲಿದ್ದ ಸ್ಟೀಲಿನ ಡಬ್ಬಿಯನ್ನು ಹೆಂಡತಿಯ ಮುಖಕ್ಕೆ ಎಸೆದ. ಹುಬ್ಬು ಒಡೆಯಿತು. "ನಮ್ಮ ಮನಿತನದಾಗ ಇಂಥಾದ್ದು ಇಲ್ಲ" ಎಂದ. ನರ್ಸ್ ಮೂರು ಹೊಲಿಗೆ ಹಾಕಿದಳು. ಅಷ್ಟು ಹೊತ್ತೂ ಇರ್ಫಾನಾ ಕೂಸನ್ನು ಕೆಳಗೆ ಇಳಿಸಲಿಲ್ಲ.

ಆ ವಾರ ಮೂರು ವಿಷಯ ಗೊತ್ತಾದವು. ಹೃದಯದ ಎಕೋ ಮಾಡಿದಾಗ ನಾಲ್ಕು ಕೋಣೆಗಳ ನಡುವಿನ ಗೋಡೆಯಲ್ಲಿ ದೊಡ್ಡ ತೂತು ಕಂಡಿತು. ಎರಡು ಕವಾಟಗಳಿರಬೇಕಾದಲ್ಲಿ ಒಂದೇ ಇತ್ತು. ನಾಲ್ಕರಿಂದ ಆರು ತಿಂಗಳೊಳಗೆ ಶಸ್ತ್ರಚಿಕಿತ್ಸೆ ಆಗಬೇಕು. ತಡವಾದರೆ ಶ್ವಾಸಕೋಶದ ರಕ್ತನಾಳಗಳು ಗಟ್ಟಿಯಾಗಿ, ಆಮೇಲೆ ಆಪರೇಷನ್ ಮಾಡಲೂ ಬರುವುದಿಲ್ಲ. ಎರಡನೆಯದಾಗಿ, ಥೈರಾಯ್ಡ್ ಕಡಿಮೆ ಇತ್ತು. ದಿನಾ ಬೆಳಿಗ್ಗೆ ಮಾತ್ರೆ ಪುಡಿ ಮಾಡಿ ಒಂದು ಚಮಚ ಎದೆಹಾಲಿನಲ್ಲಿ ಕೊಡಬೇಕು, ಕಬ್ಬಿಣಾಂಶದ ಹನಿಗಳನ್ನು ಅದರ ಜೊತೆ ಕೊಡಬಾರದು. ಮೂರನೆಯದು ಹಾಲು. ಉಮರನಿಗೆ ಎಳೆಯುವ ಶಕ್ತಿ ಇರಲಿಲ್ಲ. ನಾಲ್ಕು ಸಲ ಚೀಪಿ, ಬೆವತು, ನಿದ್ದೆ ಹೋಗುತ್ತಿದ್ದ.

ಹಾಲು ಕುಡಿಸುವುದನ್ನು ಕಲಿಸಿದವರು ಅದೇ ಆಸ್ಪತ್ರೆಯ ಫಿಸಿಯೋಥೆರಪಿಸ್ಟ್ ಪರಮೇಶ್ವರ. ಕೂಸಿನ ತಲೆ ಎದೆಗಿಂತ ಮೇಲಿರಬೇಕು. ಗದ್ದ ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಆತುಕೊಳ್ಳಬೇಕು. ಅರ್ಧ ಗಂಟೆಗಿಂತ ಹೆಚ್ಚು ಎಳೆಯಲು ಬಿಡಬಾರದು, ಕುಡಿದದ್ದೆಲ್ಲ ದುಡಿಮೆಗೇ ಖರ್ಚಾಗುತ್ತದೆ. ಉಳಿದ ಹಾಲನ್ನು ಹಿಂಡಿ, ಮೂತಿಯುಳ್ಳ ಪುಟ್ಟ ಬಟ್ಟಲಾದ ಒಳಲೆಯಿಂದ ತುಟಿಯ ಅಂಚಿಗೆ ಸ್ವಲ್ಪ ಸ್ವಲ್ಪವೇ ಬಿಡಬೇಕು, ನುಂಗಿದ ಮೇಲೆ ಮತ್ತೆ ಸ್ವಲ್ಪ. ಎಚ್ಚರವಾಗಿದ್ದಾಗ ಎದೆಯ ಕೆಳಗೆ ಟವೆಲ್ ಸುತ್ತಿಟ್ಟು ಬೋರಲು ಮಲಗಿಸಬೇಕು. ಕತ್ತು ಎತ್ತುವುದು ಅಲ್ಲಿಂದ ಶುರು. ತುಟಿ ನೀಲಿಯಾದರೆ ಅಲ್ಲಿಗೇ ನಿಲ್ಲಿಸಬೇಕು.

ಇದನ್ನೆಲ್ಲ ಕಲಿತವರು ಇರ್ಫಾನಾ ಮತ್ತು ಅವಳ ತಾಯಿ ರಹಿಮಾಬಿ. ಬಾಣಂತನ ತವರಲ್ಲಿ, ಹಾಗಾಗಿ ಆಸ್ಪತ್ರೆಗೆ ಬರುತ್ತಿದ್ದವರೂ ತವರಿನವರೇ. ಬಬಲೇಶ್ವರದಲ್ಲಿ ಮೂರೂವರೆ ತಿಂಗಳು ತಾಯಿ ಮಗಳು ಸರದಿಯಲ್ಲಿ ಎದ್ದರು. ಉಮರ ನಾಲ್ಕು ಕಿಲೋ ಮುಟ್ಟಿದ. ಬೆಳಗಾವಿಯ ಆಸ್ಪತ್ರೆ ಶಸ್ತ್ರಚಿಕಿತ್ಸೆಗೆ ದಿನ ಕೊಟ್ಟಿತು. ಅದಕ್ಕೆ ಹದಿನೆಂಟು ದಿನ ಇರುವಾಗ ಗಂಡನ ಮನೆಯವರು ಪದ್ಧತಿಯಂತೆ ಬಂದು ತಾಯಿ-ಮಗುವನ್ನು ಘೋಣಸಗಿಗೆ ಕರೆದುಕೊಂಡು ಹೋದರು. ಬೇಡ ಎನ್ನಲು ಯಾರಿಗೂ ಹೊಳೆಯಲಿಲ್ಲ.

"ಬಾಣಂತನದ ಮನಿಗೆ ಎಲ್ಲಾ ಕಲಿಸಿದ್ವಿ. ಗಂಡನ ಮನಿಗೆ ಯಾರೂ ಕಲಿಸಲಿಲ್ಲ. ಅದು ನಮ್ಮ ತಪ್ಪು" ಎಂದು ಯಶೋಧರಾ ಈಗ ಹೇಳುತ್ತಾರೆ.

ಒಂಬತ್ತು ದಿನ ಉಳಿದಿದ್ದಾಗ ಇರ್ಫಾನಾ ಥೈರಾಯ್ಡ್ ವರದಿ ತರಲು ವಿಜಯಪುರಕ್ಕೆ ಹೋದಳು. ಹಿಂದಿನ ದಿನ ಉಮರನ ರಕ್ತ ಕೊಟ್ಟು ಬಂದಿದ್ದಳು. ಆ ಅಂಕಿ ಸರಿಯಿದ್ದರೆ ಮಾತ್ರ ಬೆಳಗಾವಿಯವರು ಅರಿವಳಿಕೆ ಕೊಡುವವರಿದ್ದರು. ಎರಡು ಹೊತ್ತಿನ ಹಾಲು ಹಿಂಡಿಟ್ಟು, ಹೇಗೆ ಕುಡಿಸಬೇಕೆಂದು ಅತ್ತೆಗೆ ತೋರಿಸಿದ್ದಳು. "ಆರು ಹಡದೇನಿ. ನನಗ ಹಾಲ ಕುಡಸೂದು ಕಲಸ್ತಿ ಏನ ಬೇ?" ಎಂದು ಮಕ್ತುಮಬಿ ನಕ್ಕಿದ್ದಳು.

ವರದಿ ಚೆನ್ನಾಗಿತ್ತು. ಮಧ್ಯಾಹ್ನ ಊರಿನ ಬಸ್ಸಿನಿಂದ ಇಳಿದು ಮನೆಯ ಹತ್ತಿರ ಬಂದಾಗ ಒಳಗಿನಿಂದ ಸುಟ್ಟ ವಾಸನೆ ಬಂತು.

ಒಳಗೆ ನಡೆದದ್ದು ಇಷ್ಟು. ಮಕ್ತುಮಬಿ ತನ್ನ ಆರು ಮಕ್ಕಳಿಗೆ ಕುಡಿಸಿದಂತೆ ಉಮರನನ್ನೂ ಕಾಲ ಮೇಲೆ ಅಂಗಾತ ಮಲಗಿಸಿ ಒಳಲೆ ಬಗ್ಗಿಸಿದ್ದಳು. ಹಾಲು ಗಂಟಲಿಗೆ ನುಗ್ಗಿ ಶ್ವಾಸನಾಳಕ್ಕೆ ಇಳಿಯಿತು. ಕೂಸು ನೀಲಿಯಾಯಿತು, ಪಕ್ಕೆಗಳು ಒಳಗೆ ಎಳೆದವು. ಅವಳ ಕಣ್ಣಿಗೆ ಅದು ಡಬ್ಬಾ. ಒಲೆಯಲ್ಲಿ ದಬ್ಬಣ ಇಟ್ಟಳು. ಕೈಕಾಲು ಹಿಡಿಯಲು ಮಗನನ್ನು ಕರೆದಳು.

ಇರ್ಫಾನಾ ಹೊಸ್ತಿಲಲ್ಲಿ ಕಾಲಿಟ್ಟಾಗ ನಾಲ್ಕನೆಯದು ಬಿದ್ದಿತ್ತು, ಐದನೆಯದಕ್ಕೆ ದಬ್ಬಣ ಮತ್ತೆ ಕೆಂಪಾಗುತ್ತಿತ್ತು. ಅವಳು ಕೂಸಿನತ್ತ ನುಗ್ಗಿದಳು. ಅಡ್ಡ ಬಂದ ಅಯೂಬನ ಕೈಯನ್ನು ರಕ್ತ ಬರುವಂತೆ ಕಚ್ಚಿದಳು. ಅವನು ಅವಳ ತಲೆಯನ್ನು ಗೋಡೆಗೆ ಬಡಿದ. ಅವಳು ಬಿದ್ದಲ್ಲೇ ತೆವಳಿ, ಒಲೆಯಿಂದ ದಬ್ಬಣ ಎಳೆದು, ಅತ್ತೆಯ ಮುಂಗೈ ನೆಲಕ್ಕೆ ಒತ್ತಿ ಹಿಡಿದು ಅದರ ಮೇಲೆ ಇಟ್ಟಳು. ಚರ್ಮ ಚುರ್ ಎಂದಿತು. ಮುದುಕಿ ಕಿರುಚಿದ್ದು ಮೂರು ಮನೆಗಳಿಗೆ ಕೇಳಿತು.

ಅಯೂಬ ಸೊಂಟಕ್ಕೆ ಒದೆಯುತ್ತಿದ್ದಾಗ ಆಶಾ ಕಾರ್ಯಕರ್ತೆ ಸಾವಂತ್ರವ್ವ ಓಡಿ ಬಂದಳು. ಬಾಗಿಲಲ್ಲಿದ್ದ ಬಿಂದಿಗೆ ಎತ್ತಿ ಅವನ ಬೆನ್ನಿಗೆ ಹೊಡೆದಳು. "ಏ ಖೋಡಿ, ಕೂಸು ಸಾಯಾಕತ್ತೈತಿ, ಹೆಂಡ್ತೀನ ಆಮೇಲೆ ಕೊಲ್ಲಂತಿ! ಬಾಜೂ ಸರಿ!"

ಆಂಬುಲೆನ್ಸ್ ತಿಕೋಟಾ ದಾಟುವವರೆಗೂ ಉಮರ ಒಂದು ದನಿಯನ್ನೂ ಹೊರಡಿಸಲಿಲ್ಲ.

ವಿಜಯಪುರದಲ್ಲಿ ಆಮ್ಲಜನಕ ಹಚ್ಚಿದರು, ಮೂಗಿನ ನಳಿಕೆಯಿಂದ ಹಾಲು ಕೊಟ್ಟರು. ಶ್ವಾಸಕೋಶದಲ್ಲಿ ನ್ಯುಮೋನಿಯಾ ಕಾಣಿಸಿತು, ಸುಟ್ಟ ಗಾಯಗಳಲ್ಲಿ ಎರಡು ಕೀವಾದವು. ಸೋಂಕಿರುವ ಮೈಯ ಎದೆ ತೆರೆಯುವಂತಿಲ್ಲ. ಬೆಳಗಾವಿಯ ದಿನ ತಪ್ಪಿತು. ಕೂಸಿನ ಮೈಮೇಲೆ ಸುಟ್ಟ ಗಾಯ ಕಂಡರೆ ಆಸ್ಪತ್ರೆ ಪೊಲೀಸರಿಗೆ ತಿಳಿಸಲೇಬೇಕು. ಹೇಳಿಕೆ ಬರೆಯಲು ಬಂದ ಜಮಾದಾರ ಕೇಳಿದ: "ಅತ್ತಿಗೆ ನೀನೂ ಸುಟ್ಟೀಯಂತಲ್ಲ?"

"ಹೌದ್ರಿ. ಅದನ್ನೂ ಬರೀರಿ."

ಎರಡು ವಾರಕ್ಕೆ ನ್ಯುಮೋನಿಯಾ ಇಳಿದು ಗಾಯ ಮಾಯ್ದವು. ಬೆಳಗಾವಿಯವರು ಹೊಸ ದಿನ ಕೊಟ್ಟರು. ಆಗ ಉಮರನಿಗೆ ಐದು ತಿಂಗಳು ಇಪ್ಪತ್ತು ದಿನ ತುಂಬುತ್ತಿತ್ತು. ಅದರಾಚೆಗೆ ಹೋದರೆ ಹೇಳಲಾಗುವುದಿಲ್ಲ ಎಂದರು ಯಶೋಧರಾ. ಸರ್ಕಾರಿ ಯೋಜನೆಯಲ್ಲಿ ಆಪರೇಷನ್ ಆಗಬೇಕಾದರೆ ಮೂಲ ರೇಷನ್ ಕಾರ್ಡ್ ತೋರಿಸಬೇಕಿತ್ತು. ಕಾರ್ಡ್ ಇದ್ದದ್ದು ಘೋಣಸಗಿಯಲ್ಲಿ. ಅಯೂಬ ಫೋನಿನಲ್ಲಿ ಒಂದೇ ಮಾತು ಹೇಳಿದ: "ಕೇಸ್ ವಾಪಸ್ ತಗೋ, ಕಾರ್ಡ್ ಕೊಡ್ತೀನಿ."

ಆಪರೇಷನ್ನಿಗೆ ನಾಲ್ಕೇ ದಿನ ಉಳಿದಿತ್ತು. ಉಮರನನ್ನು ಬಬಲೇಶ್ವರದಲ್ಲಿ ರಹಿಮಾಬಿಯ ಕೈಗೆ ಕೊಟ್ಟು, ಸಾವಂತ್ರವ್ವನನ್ನು ಜೊತೆಗೆ ಕರೆದುಕೊಂಡು ಇರ್ಫಾನಾ ಆ ಮನೆಗೆ ಹೋದಳು.

ಮಕ್ತುಮಬಿ ಪಡಸಾಲೆಯಲ್ಲಿ ಒಬ್ಬಳೇ ಕುಳಿತಿದ್ದಳು. ಮುಂಗೈಗೆ ಸುತ್ತಿದ ಬಟ್ಟೆ ಹಳದಿಯಾಗಿತ್ತು. ಮುದುಕಿಯೇ ಮೊದಲು ಕೇಳಿದಳು.

"ಇದರ ಉರಿ ಇನ್ನಾ ನಿಂತಿಲ್ಲ. ಕೂಸು ಎಷ್ಟ ದಿನ ಅತ್ತಿತು?"

"ಅಳಾಕ ಉಸಿರು ಎಲ್ಲಿತ್ತರಿ ಅತ್ತಿ, ಅದಕ್ಕ?"

ಮಕ್ತುಮಬಿ ಎದ್ದು ಒಳಗೆ ಹೋದಳು. ಟ್ರಂಕಿನ ಕೀಲಿ ತಿರುಗಿದ ಸದ್ದಾಯಿತು. ಕಾರ್ಡ್ ಸೊಸೆಯ ಕೈ ಸೇರುವಷ್ಟರಲ್ಲಿ ಅಯೂಬ ತೋಟದಿಂದ ಬಂದ. ಇರ್ಫಾನಾಳ ಜಡೆ ಹಿಡಿದು ಅಂಗಳಕ್ಕೆ ಎಳೆದ. ಅವಳು ಕಾರ್ಡನ್ನು ಕುಪ್ಪಸದೊಳಗೆ ತುರುಕಿ ಮಣ್ಣಲ್ಲಿ ಮುದುಡಿ ಬಿದ್ದಳು. ಸಾವಂತ್ರವ್ವ ಅವನ ರಟ್ಟೆಗೆ ಜೋತುಬಿದ್ದಳು. ಮಕ್ತುಮಬಿ ಒಲೆಯ ಮೇಲಿದ್ದ ರೊಟ್ಟಿಯ ಹಂಚನ್ನು ಇಕ್ಕಳದಲ್ಲಿ ಹಿಡಿದು ಹೊರಗೆ ಬಂದು ಮಗನ ಮೊಣಕೈಗೆ ಬೀಸಿದಳು. ಮೂಳೆ ಮುರಿದ ಸದ್ದು ತನಗೆ ಕೇಳಿಸಿತು ಎಂದು ಸಾವಂತ್ರವ್ವ ಹೇಳುತ್ತಾಳೆ.

"ಬಿಡಲೇ ಅಕೀನ" ಎಂದಳು ಮುದುಕಿ. "ಹೋಗ ಬೇ, ನಿಂತು ಏನ ನೋಡ್ತಿ? ಬಸ್ ಹೋಗತೈತಿ."

ಅದನ್ನು ಇರ್ಫಾನಾ ಕ್ಷಮೆ ಎಂದು ತಿಳಿದಿಲ್ಲ. ಮಕ್ತುಮಬಿಯೂ ಹಾಗೆ ಹೇಳುವುದಿಲ್ಲ. "ನನ್ನ ಕೈಯಾಗ ಎಷ್ಟೋ ಕೂಸು ಉಳದಾವ" ಎಂದು ಈಗಲೂ ವಾದಿಸುತ್ತಾಳೆ. ಉಳಿಯದವುಗಳ ಲೆಕ್ಕ ಯಾರು ಇಟ್ಟಿದ್ದಾರೆ ಎಂದು ನಾನು ಕೇಳಿದೆ. ಅವಳು ಎದ್ದು ಒಳಗೆ ಹೋದಳು.

ಶಸ್ತ್ರಚಿಕಿತ್ಸೆ ಆರು ಗಂಟೆ ನಡೆಯಿತು. ರಕ್ತನಾಳಗಳು ಇನ್ನೂ ಮೃದುವಾಗಿದ್ದವು. ತೂತು ಮುಚ್ಚಿದರು, ಒಂದು ಕವಾಟವನ್ನು ಎರಡಾಗಿಸಿದರು. ಹನ್ನೊಂದನೆಯ ದಿನ ಉಮರ ಬೆವರದೆ ಪೂರ್ತಿ ಹಾಲು ಕುಡಿದು ಇನ್ನೂ ಬೇಕೆಂದು ಅತ್ತ. ಅವನು ಜೋರಾಗಿ ಅತ್ತದ್ದನ್ನು ಅವನ ತಾಯಿ ಕೇಳಿದ್ದು ಅದೇ ಮೊದಲು.

ಈಗ ಅವನಿಗೆ ಹತ್ತು ತಿಂಗಳು. ತವರಿನಲ್ಲೇ ಇದ್ದಾನೆ. ಥೈರಾಯ್ಡ್ ಮಾತ್ರೆ ಮುಂದುವರಿದಿದೆ, ರಕ್ತ ಪರೀಕ್ಷೆ ಆಗಾಗ ನಡೆಯುತ್ತದೆ, ಕಿವಿ ಮತ್ತು ಕಣ್ಣಿನ ತಪಾಸಣೆಯೂ ಇದೆ. ಹಿಂದೆ ಆಸರೆ ಕೊಟ್ಟರೆ ಕೂರುತ್ತಾನೆ. ಮೆತ್ತಗೆ ಮಾಡಿದ ಅನ್ನವನ್ನು ನಾಲಿಗೆಯಿಂದ ಹೊರಗೆ ತಳ್ಳುತ್ತಾನೆ. ಚಮಚವನ್ನು ನಾಲಿಗೆಯ ಮೇಲೆ ಮೆಲ್ಲಗೆ ಒತ್ತಿ ಹಿಡಿಯಬೇಕೆಂದು ಪರಮೇಶ್ವರ ಹೇಳಿಕೊಟ್ಟಿದ್ದಾರೆ.

ಎರಡು ಪ್ರಕರಣಗಳು ವಿಜಯಪುರದ ನ್ಯಾಯಾಲಯದಲ್ಲಿವೆ. ಒಂದರಲ್ಲಿ ಅಯೂಬ ಮತ್ತು ಮಕ್ತುಮಬಿ ಆರೋಪಿಗಳು, ಇನ್ನೊಂದರಲ್ಲಿ ಇರ್ಫಾನಾ. ಕಳೆದ ತಿಂಗಳು ಮುಂದಿನ ವಿಚಾರಣೆಯ ದಿನವನ್ನು ಗುಮಾಸ್ತ ಓದಿ ಹೇಳಿದಾಗ ಅವಳು ಕೈ ಎತ್ತಿದಳು.

"ಗುರುವಾರ ಆಗಾಂಗಿಲ್ರಿ ಸಾಹೇಬ್ರ. ಗುರುವಾರ ಅವಂಗ ಕುಂದ್ರೂದು ಕಲಸ್ತಾರ."

ವಕೀಲ ಅವಳ ಸೆರಗು ಜಗ್ಗಿದ. ನ್ಯಾಯಾಧೀಶರು ಕಾಗದದಿಂದ ತಲೆ ಎತ್ತಿ ನೋಡಿ, ಶುಕ್ರವಾರ ಎಂದು ತಿದ್ದಿದರು.