ಗಾಳಿಗೆ ಹಿಡಿದ ಸೀರೆ, ಫೋಟೋದ ಕೆಳಗಿನ ಸಾಲು

ಒಂದು ಫೋಟೋದ ಕೆಳಗೆ ಮೂರು ಸಾಲು ಬರೆಸಲು ನನಗೆ ಆದ ಖರ್ಚು ಇಷ್ಟು: ಸಂತೆಯ ದಿನ ಮಧ್ಯಾಹ್ನದಿಂದ ಮುಚ್ಚಿದ ಅಂಗಡಿ, ಹೊನ್ನಾವರದಿಂದ ಕುಮಟೆಗೆ ನಿಂತೇ ಹೋದ ಬಸ್ಸು, ಮೊಬೈಲಿನಲ್ಲಿದ್ದ ಕರೆನ್ಸಿ ಪೂರ್ತಿ, ಮತ್ತು ಒಬ್ಬ ಖಾಯಂ ಗಿರಾಕಿ. ಗಿರಾಕಿ ಹೋದದ್ದೇ ದೊಡ್ಡ ನಷ್ಟ. ಆದರೂ ವ್ಯಾಪಾರ ಲುಕ್ಸಾನಿನದ್ದು ಅನ್ನುವುದಿಲ್ಲ. ಏಕೆಂದರೆ ನಾನು ಕುಮಟೆಗೆ ಹೋಗದಿದ್ದರೆ ನನ್ನ ಬೆಂಚಿನ ಗೆಳತಿ ಕೈತಪ್ಪಿ ಹೋಗುತ್ತಿದ್ದಳು, ಅವಳ ತಮ್ಮನ ಕೈಯಲ್ಲಿ ಒಬ್ಬನ ಹಲ್ಲೂ ಹೋಗುತ್ತಿತ್ತು.

ನಾವು ಹತ್ತನೇ ಕ್ಲಾಸು ಮುಗಿಸಿದ್ದು ತೊಂಬತ್ತರ ದಶಕದ ಕೊನೆಯಲ್ಲಿ, ಮುರ್ಡೇಶ್ವರದ ಹತ್ತಿರ, ಸಮುದ್ರದ ಗಾಳಿ ನೇರ ಬಡಿಯುವ ಒಂದು ಹೈಸ್ಕೂಲಿನಲ್ಲಿ. ಗ್ರೂಪ್ ಫೋಟೋ ತೆಗೆಯುವ ಕಡೆ ಗೋಡೆಯ ಸುಣ್ಣ ಉದುರಿ ಕಲ್ಲು ಕಾಣುತ್ತಿತ್ತು. ಹಾಗಾಗಿ ಪ್ರತಿ ವರ್ಷ ಹಿಂದೆ ಒಂದು ಬಟ್ಟೆ ಕಟ್ಟುವ ಪದ್ಧತಿ. ಶಾಲೆಗೆ ಹತ್ತಿರ ಮನೆ ಇದ್ದವರು ಬಟ್ಟೆ ತರಬೇಕು. ಒಂದು ತುದಿಯನ್ನು ಕಿಟಕಿಯ ಸರಳಿಗೆ ಕಟ್ಟಬಹುದಿತ್ತು. ಇನ್ನೊಂದು ತುದಿಗೆ ಕಟ್ಟಲು ಏನೂ ಇರಲಿಲ್ಲ. ಅದನ್ನು ಶಾಲೆಯ ಜವಾನರು ಹಿಡಿದುಕೊಂಡು ನಿಲ್ಲುತ್ತಿದ್ದರು. ಗಂಟೆ ಹೊಡೆಯುವವರೂ ಅವರೇ, ನೀರು ತುಂಬಿಸುವವರೂ ಅವರೇ. ನನ್ನ ಬೆಂಚಿನ ಗೆಳತಿ ಅವರ ಮಗಳು.

ನಮ್ಮ ವರ್ಷ ಗಾಳಿ ಜೋರಿತ್ತು. ಬಟ್ಟೆ ಹಾಯಿಯ ಹಾಗೆ ಉಬ್ಬಿತು. ಅವರು ಎಳೆದು ಹಿಡಿಯುವ ಭರದಲ್ಲಿ ಒಂದು ಹೆಜ್ಜೆ ಈಚೆ ಬಂದರು. ಫೋಟೋದ ಬಲ ಅಂಚಿನಲ್ಲಿ ಅವರ ಒಂದು ಕೈ, ಒಂದು ಮೊಣಕಾಲು, ಅರ್ಧ ತಲೆ ಸಿಕ್ಕಿಬಿದ್ದಿವೆ. ಫೋಟೋ ಅಂಟಿಸಿದ ರಟ್ಟಿನ ಕೆಳಭಾಗದಲ್ಲಿ ಸಾಲು ಸಾಲಾಗಿ ಎಲ್ಲರ ಹೆಸರು ಅಚ್ಚಾಗಿತ್ತು, ಅವರದ್ದು ಇರಲಿಲ್ಲ.

ಹತ್ತು ವರ್ಷ ಕಳೆಯಿತು. ನಾನು ಬ್ಲೌಸ್ ಪೀಸಿನ ಗಂಟು ಹೊತ್ತು ಮನೆಮನೆ ತಿರುಗಿ, ಹೊನ್ನಾವರ ಪೇಟೆಯಲ್ಲಿ ಒಂದು ಖಾನೆಯ ಬಟ್ಟೆ ಅಂಗಡಿ ಮಾಡಿಕೊಂಡಿದ್ದೆ. ಅಷ್ಟರಲ್ಲಿ ಸೈಬರ್ ಸೆಂಟರುಗಳು ಬಂದು, ಗೆಳೆಯರನ್ನು ಹುಡುಕಿ ಸೇರಿಸುವ ತಾಣಗಳೂ ಬಂದವು. ನಮ್ಮ ಕ್ಲಾಸಿನ ಒಬ್ಬ ಕುಮಟೆಯ ಬಸ್ ಸ್ಟ್ಯಾಂಡಿನ ಹತ್ತಿರ ಜೆರಾಕ್ಸ್ ಅಂಗಡಿ ಇಟ್ಟಿದ್ದ. ಸ್ಕ್ಯಾನರ್ ಅವನ ಹತ್ತಿರವೇ ಇತ್ತು. ಹಳೆಯ ಫೋಟೋವನ್ನು ಗಾಜಿನ ಮೇಲೆ ಮಗುಚಿ, ಹೆಸರಿನ ರಟ್ಟನ್ನು ಬಿಟ್ಟು ಚಿತ್ರವನ್ನಷ್ಟೇ ಕತ್ತರಿಸಿ ತಾಣಕ್ಕೆ ಏರಿಸಿದ. ಕನ್ನಡ ಅಕ್ಷರ ಆಗಿನ ಕಂಪ್ಯೂಟರುಗಳಲ್ಲಿ ಚೌಕ ಚೌಕ ಡಬ್ಬಿಯಾಗಿ ಕಾಣುತ್ತಿದ್ದುದರಿಂದ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಯುವುದು ರೂಢಿ. ಅವನು ಹಾಗೆ ಬರೆದದ್ದು: 'ಹತ್ತನೇ ಕ್ಲಾಸಿನ ಮೇಳ. ತೆರೆಯ ಹಿಂದಿನ ಅರ್ಧ ತಲೆ ಯಾರದ್ದು? ಹೇಳಿದವರಿಗೆ ಒಂದು ಸೋಡಾ.'

ಯಕ್ಷಗಾನದಲ್ಲಿ ವೇಷ ಬರುವ ಮೊದಲು ಇಬ್ಬರು ತೆರೆ ಹಿಡಿಯುತ್ತಾರಲ್ಲ, ಆ ತಮಾಷೆ. ಓದಿದಾಗ ನಾನೂ ನಕ್ಕೆ. ಆದರೆ ಕೆಳಗೆ ಬಂದ ಮಾತುಗಳು ಬೇರೆ ದಾರಿ ಹಿಡಿದವು. ಭಟ್ಕಳದ ಒಬ್ಬಳು, ನನ್ನ ಖಾಯಂ ಗಿರಾಕಿ, 'ಪೂರ್ತಿ ತಲೆ ಇತ್ತಾ ಆ ಗಂಟೆಯವನಿಗೆ' ಎಂದು ಬರೆದಳು. ಅದರ ಕೆಳಗೆ ಇನ್ನೊಬ್ಬ, ಅದರ ಕೆಳಗೆ ಮತ್ತೊಬ್ಬ.

ಗೆಳತಿ ಮದುವೆಯಾಗಿ ಮಿರ್ಜಾನದಲ್ಲಿದ್ದಳು. ಸಂತೆಯ ದಿನ ಮಧ್ಯಾಹ್ನ ಫೋನ್ ಮಾಡಿ, ಹತ್ತನೇ ಕ್ಲಾಸಿನವರು ಸೇರುವ ಕಾರ್ಯಕ್ರಮಕ್ಕೆ ತಾನು ಬರುವುದಿಲ್ಲ, ಇನ್ನು ಮುಂದೆ ಯಾರೂ ತನಗೆ ಫೋನ್ ಮಾಡುವುದೂ ಬೇಡ ಅಂದಳು. ಅಳಲಿಲ್ಲ. ಅಳದೆ ಹೇಳುವ ಮಾತಿಗೆ ನಾನು ಹೆದರುತ್ತೇನೆ. ಚೌಕಾಶಿ ಮಾಡದೆ ಎದ್ದು ಹೋಗುವ ಗಿರಾಕಿ ತಿರುಗಿ ಬರುವುದಿಲ್ಲ. ಕೊನೆಗೆ ಇನ್ನೊಂದು ಸುದ್ದಿ ಸೇರಿಸಿದಳು.

"ತಮ್ಮನೂ ನೋಡಿದ್ದಾನೆ. ಟೆಂಪೋ ಖಾಲಿ ಮಾಡಿ ಸಂಜೆ ಕುಮಟೆಗೆ ಹೋಗ್ತೆ ಅಂದ. ಅಂವ ಸುಮ್ನೆ ಮಾತಾಡೂಕೆ ಹೋಗವ ಅಲ್ಲ."

ಶಟರ್ ಎಳೆದು ಬಸ್ಸು ಹತ್ತಿದೆ.

ಜೆರಾಕ್ಸ್ ಅಂಗಡಿಯಲ್ಲಿ ರೇಷನ್ ಕಾರ್ಡಿನ ಪ್ರತಿ ಮಾಡಿಸುವವರ ಗುಂಪು. ಅವರು ಕರಗುವ ತನಕ ಕಾದು ವಿಷಯ ಎತ್ತಿದೆ. ಮೊದಲು ದೊಡ್ಡ ಬೇಡಿಕೆಯನ್ನೇ ಇಟ್ಟೆ: ಫೋಟೋ ತೆಗೆದುಬಿಡು. ಚಿತ್ರ ತೆಗೆದರೆ ಅದರ ಕೆಳಗಿನ ಮಾತುಗಳೂ ಒಟ್ಟಿಗೆ ಹೋಗುತ್ತವೆ, ಕೆಲಸ ಸಲೀಸು. ಅವನು ತಲೆ ಅಲ್ಲಾಡಿಸಿದ. ಹಾಗಾದರೆ ಸಾಲನ್ನಾದರೂ ಬದಲಿಸು ಅಂದೆ. ಬದಲಿಸಿದರೆ ಹೆದರಿದ ಅಂತಾರೆ ಅಂದ. ಗೆಳತಿಯ ತಮ್ಮ ಬರುವ ಸುದ್ದಿ ಹೇಳಿದೆ. ಬರಲಿ, ಇದು ಬರೀ ತಮಾಷೆ, ತಮಾಷೆ ತಿಳಿಯದವರಿಗೆ ತಾನೇನು ಮಾಡಲಿ ಅಂದ.

ಗೋಡೆಯ ಗಡಿಯಾರ ನೋಡಿದೆ. ಇನ್ನು ಒತ್ತಿದರೆ ಮುರಿಯುತ್ತದೆ ಅನ್ನಿಸಿ ಮಾತು ನಿಲ್ಲಿಸಿ, ಅವನ ಕಂಪ್ಯೂಟರಿನ ಕಡೆ ತಿರುಗಿದೆ. ಪರದೆಯ ಮೇಲೆ ಅದೇ ಫೋಟೋ ದೊಡ್ಡದಾಗಿ ತೆರೆದಿತ್ತು. ವಿಚಿತ್ರ ಅಂದರೆ ಅದರಲ್ಲಿ ಒಂದು ಮುಖವೂ ಇರಲಿಲ್ಲ. ಅವನು ಹಿಗ್ಗಿಸಿ ಇಟ್ಟುಕೊಂಡದ್ದು ಹಿಂದಿನ ಬಟ್ಟೆಯ ಒಂದು ತುಂಡನ್ನು.

ಬಟ್ಟೆಯ ವಿಷಯದಲ್ಲಿ ನನ್ನ ಕಣ್ಣು ಸುಳ್ಳು ಹೇಳುವುದಿಲ್ಲ. ಶಾಲೆಯಲ್ಲಿದ್ದಾಗ ಅದನ್ನು ಬೆಡ್‌ಶೀಟು ಅಂದುಕೊಂಡಿದ್ದೆವು. ಅಲ್ಲ. ಎರಡು ವಾಯಿಲ್ ಸೀರೆಗಳನ್ನು ಅಂಚಿಗೆ ಅಂಚು ಕೂಡಿಸಿ ಕೈಯಲ್ಲಿ ಹೊಲಿದದ್ದು. ಹೊಲಿಗೆ ಎಷ್ಟು ಸಣ್ಣದೆಂದರೆ ಗಾಳಿಗೆ ಉಬ್ಬಿದರೂ ನಡುವೆ ಎಲ್ಲಿಯೂ ಬಿಟ್ಟಿರಲಿಲ್ಲ.

"ಇದು ಯಾರ ಮನೇದು?" ಎಂದೆ.

ಅವನು ಒಂದು ಹಾಳೆ ಎತ್ತಿ ಯಂತ್ರದೊಳಗೆ ಸರಿಯಾಗಿ ಜೋಡಿಸಿದ.

"ನಮ್ಮನೇದು. ಅಮ್ಮನ ಸೀರೆ. ಒಂದು ಸೀರೆ ಗೋಡೆಗೆ ಸಾಕಾಗೂದಿಲ್ಲ ಹೇಳಿ ಎರಡು ಸೇರ್ಸಿ ಕೊಟ್ಟಿದ್ಲು."

ತಾಯಿ ತೀರಿಕೊಂಡು ಎರಡು ವರ್ಷವಾಗಿತ್ತು. ಅದು ನನಗೆ ಗೊತ್ತಿತ್ತು. ಸೀರೆಗಳನ್ನೆಲ್ಲ ಯಾರುಯಾರಿಗೋ ಕೊಟ್ಟಾಗಿತ್ತು. ಅವನು ಫೋಟೋ ಹಾಕಿದ್ದು ಆ ಸೀರೆ ಯಾರಾದರೂ ನೋಡಲಿ ಅಂತ. ಆದರೆ ಅದನ್ನು ಬರೆಯಲು ನಾಚಿಕೆ. ನಾಚಿಕೆಯನ್ನು ಮುಚ್ಚಲು ಕೈಗೆ ಸಿಕ್ಕಿದ್ದು ಬೇರೆಯವರ ಅಪ್ಪನ ಅರ್ಧ ತಲೆ. ಇಷ್ಟು ಜನ ನಕ್ಕರು, ಸೀರೆಯ ಬಗ್ಗೆ ಒಬ್ಬರೂ ಒಂದು ಮಾತು ಬರೆಯಲಿಲ್ಲ. ಅವನ ಹಟದ ಬೇರು ಅಲ್ಲಿತ್ತು.

"ಅದನ್ನೇ ಬರಿ ಮಾರಾಯ," ಅಂದೆ.

"ಕ್ಲಾಸಿನವರ ಎದುರು ಅಳೂದಾ?"

"ಮೊದಲು ನಗ್ಸು. ಆದರೆ ನಿನ್ನ ಮೇಲೆ ನಗ್ಸು. ಆ ಫೋಟೋದಲ್ಲಿ ಬಾಯಿ ಕಳ್ದು ನಿಂತವ ಯಾರು ನೋಡು."

ನೋಡಿದ. ಹಿಂದಿನ ಸಾಲಿನಲ್ಲಿ, ಗಾಳಿ ನುಂಗುವವನ ಹಾಗೆ, ಅವನೇ. ಮೊದಲ ಸಲ ಅವನ ಮುಖ ಸಡಿಲವಾಯಿತು.

ಬರೆಯಲು ಕೂತೆವು. ಮೊದಲ ಸಲ ಅವನು ಬರೆದದ್ದರಲ್ಲಿ ತಾಯಿ, ಬಾಲ್ಯ, ಮರಳಿ ಬಾರದ ದಿನ, ಎಲ್ಲ ಸೇರಿ ಶ್ರದ್ಧಾಂಜಲಿಯ ಜಾಹೀರಾತಿನ ಹಾಗಾಯಿತು. ಅಳಿಸಿದೆವು. ಎರಡನೆಯದರಲ್ಲಿ ನಗು ಹೆಚ್ಚಾಗಿ ಸೀರೆ ಮಾಯವಾಯಿತು. ನಾನು ಗೆಳತಿಗೆ ಫೋನ್ ಹಚ್ಚಿದೆ; ಎತ್ತಲಿಲ್ಲ. ಮತ್ತೆ ಹಚ್ಚಿದೆ. ಎತ್ತಿದಾಗ ಸೀರೆಯ ವಿಷಯ ಹೇಳಿದೆ. ಅವಳು ಎರಡು ಶರ್ತ ಹಾಕಿದಳು: ಅರ್ಧ ತಲೆ ಎಂಬ ಮಾತು ಇರಬಾರದು; ಕೆಳಗಿನ ಹೊಲಸು ಮಾತು ಒಂದೂ ಉಳಿಯಬಾರದು. ಇನ್ನೂ ಏನೋ ಹೇಳುವಷ್ಟರಲ್ಲಿ ನನ್ನ ಕರೆನ್ಸಿ ಮುಗಿದು ಫೋನ್ ಕಡಿಯಿತು.

ಎರಡನೆಯ ಶರ್ತ ಕಷ್ಟದ್ದು. ಮೇಲಿನ ಸಾಲು ಬದಲಿಸಿದರೂ ಕೆಳಗಿನ ಮಾತು ಹಾಗೇ ಇರುತ್ತದೆ. ಒಂದೊಂದನ್ನೂ ಒತ್ತಿ, 'ಖಂಡಿತ ತೆಗೆಯಲೇ' ಎಂಬ ಪ್ರಶ್ನೆಗೆ ಹೌದು ಅಂದು, ಪುಟ ಮತ್ತೆ ತೆರೆಯುವ ತನಕ ಕಾಯಬೇಕು. ಆಗಿನ ಕನೆಕ್ಷನ್ನು ದೋಣಿಗಿಂತ ನಿಧಾನ; ಫೋಟೋ ತೆಗೆದು ಹೊಸದಾಗಿ ಏರಿಸಹೊರಟರೆ ರಾತ್ರಿಯೇ ಆಗುತ್ತಿತ್ತು. ಅರ್ಧ ತೆಗೆದಾಗ ಕರೆಂಟು ಹೋಯಿತು. ಫ್ಯಾನು ನಿಂತಿತು, ಮೇಜಿನ ಕೆಳಗಿನ ಯುಪಿಎಸ್ ಕೀ ಕೀ ಅನ್ನತೊಡಗಿತು. ಅದರ ಜೀವ ಸ್ವಲ್ಪ ಹೊತ್ತಿನದು. ಆಗಲೇ ಹೊರಗೆ ಟೆಂಪೋ ನಿಂತ ಸದ್ದು.

ತಮ್ಮ ಒಳಗೆ ಬಂದು ನಿಂತ. ನನ್ನನ್ನು ನೋಡಿ, "ಅಕ್ಕ, ನೀವು ಹೊರಗೆ ನಿಲ್ಲಿ" ಅಂದ. ದನಿ ತಣ್ಣಗಿತ್ತು. ನಾನು ಕುರ್ಚಿ ಬಿಟ್ಟು ಏಳಲಿಲ್ಲ. ಕೆಲಸ ಮುಗಿಯಲಿ, ಓದಿ ಆಮೇಲೆ ನಿನ್ನಿಷ್ಟ ಅಂದೆ. ಜೆರಾಕ್ಸಿನವನು ತಿರುಗಿ ನೋಡದೆ ತೆಗೆಯುತ್ತಲೇ ಹೋದ. ಕೊನೆಯದು ಹೋಯಿತು. ಮೇಲಿನ ಸಾಲನ್ನು ಬೇಗ ಬೇಗ ಕುಟ್ಟಿ, ಉಳಿಸುವ ಗುಂಡಿ ಒತ್ತಿದ. ಪುಟ ಬಿಳಿಯಾಗಿ ನಿಂತಿತು. ಕೀ ಕೀ. ಮೂವರೂ ಆ ಬಿಳಿಯನ್ನೇ ನೋಡುತ್ತಿದ್ದೆವು. ಮೇಲಿನಿಂದ ಸ್ವಲ್ಪ ಸ್ವಲ್ಪವೇ ಫೋಟೋ ಇಳಿಯಿತು, ಅದರ ಕೆಳಗೆ ಸಾಲು. ತಮ್ಮ ಬಗ್ಗಿ, ಇಂಗ್ಲಿಷ್ ಅಕ್ಷರವನ್ನು ಕೂಡಿಸಿಕೊಂಡು ಓದಿದ:

'ಹತ್ತನೇ ಕ್ಲಾಸು. ಗಾಳಿಗೆ ಅರ್ಧ ಜನರ ಕಣ್ಣು ಮುಚ್ಚಿದೆ, ಒಬ್ಬನ ಬಾಯಿ ತೆರೆದಿದೆ, ಆ ಮಂಗ ನಾನೇ. ಬಿಟ್ಟುಕೊಡದೆ ನಿಂತದ್ದು ಎರಡೇ: ನನ್ನ ಅಮ್ಮ ಹೊಲಿದ ಸೀರೆ, ಅದನ್ನು ಹಿಡಿದ ನಮ್ಮ ಶಾಲೆಯ ಅಣ್ಣನ ಕೈ. ಆ ಗಾಳಿ ಮತ್ತೊಮ್ಮೆ ಬೀಸಿದರೆ ಈ ಸಲ ನಾವು ಹಿಡಿಯುತ್ತೇವೆ, ಅವರು ಮುಂದೆ ಕೂರಲಿ.'

ಕಂಪ್ಯೂಟರ್ ಆರಿತು.

ತಮ್ಮ ಕತ್ತಲೆ ಪರದೆಯನ್ನು ಇನ್ನೂ ನೋಡುತ್ತಿದ್ದ. "ಕರೆಂಟ್ ಬಂದ್ಮೇಲೆ ಇದರದ್ದೊಂದು ಪ್ರಿಂಟ್ ಸಿಕ್ಕೂದಾ?" ಎಂದು ಕೇಳಿದ. ಜೆರಾಕ್ಸಿನವನು ಬೆಂಚು ತೋರಿಸಿದ. ಇಬ್ಬರೂ ಒಂದೇ ಬೆಂಚಿನ ಎರಡು ತುದಿಯಲ್ಲಿ ಕರೆಂಟಿಗೆ ಕಾದರು. ನಾನು ಬಸ್ಸು ತಪ್ಪುತ್ತದೆಂದು ಹೊರಟೆ.

ಮರುದಿನ ಫೋಟೋದ ಕೆಳಗೆ ಗೆಳತಿಯದೇ ಮೊದಲ ಮಾತು: 'ಅಪ್ಪ ನೋಡಿದ. ಕೈ ನಂದೇ ಅಂದ.' ಆಮೇಲೆ ಸೀರೆಯ ಹೂವಿನ ಬಗ್ಗೆ ಯಾರೋ ಕೇಳಿದರು, ಆ ಅಮ್ಮ ಕೊಡುತ್ತಿದ್ದ ಮಜ್ಜಿಗೆಯ ಬಗ್ಗೆ ಇನ್ನೊಬ್ಬರು. ಭಟ್ಕಳದವಳು ಮಾತ್ರ ತನ್ನ ಮಾತು ತೆಗೆಸಿದ್ದು ನಾನೇ ಎಂದು ತಿಳಿದು ನನ್ನ ಅಂಗಡಿಗೆ ಕಾಲಿಡುವುದನ್ನು ಬಿಟ್ಟಳು. ಸೇರುವ ದಿನ ಗೆಳತಿ ಬಂದಳು, ಊಟಕ್ಕೆ ನಿಲ್ಲದೆ ಬೇಗ ಹೋದಳು. ಅಷ್ಟು ಸಾಕಿತ್ತು.

ನೀವೂ ಹಳೆಯ ಶಾಲೆಯ ಫೋಟೋ ಎಲ್ಲಿಯಾದರೂ ಹಾಕುವವರಾದರೆ ನನ್ನ ಮಾತು ಕೇಳಿ. ಬರೆಯುವ ಮೊದಲು ಫೋಟೋದ ಅಂಚುಗಳನ್ನು ನೋಡಿ. ನಡುವಿನವರಿಗೆ ಉತ್ತರ ಕೊಡಲು ಬಾಯಿ ಇರುತ್ತದೆ, ಅಂಚಿನವರ ಪರವಾಗಿ ಮಕ್ಕಳು ಬರುತ್ತಾರೆ. ನಗಿಸುವುದಿದ್ದರೆ ನಿಮ್ಮ ಮುಖದಿಂದಲೇ ಶುರು ಮಾಡಿ, ಅದಕ್ಕೆ ಯಾರ ಒಪ್ಪಿಗೆಯೂ ಬೇಡ. ಬೇಸರದ ಮಾತು ಒಂದೇ ಸಾಲು ಇರಲಿ, ಕೊನೆಗೆ ಇರಲಿ. ಮತ್ತು ಆ ಫೋಟೋವನ್ನು ನೀವು ಪೆಟ್ಟಿಗೆಯಿಂದ ತೆಗೆದದ್ದು ಯಾವುದಕ್ಕಾಗಿ ಎಂದು ನಿಮಗೆ ಗೊತ್ತಿರುತ್ತದೆ. ಅದನ್ನು ಬಿಟ್ಟು ಬೇರೆಯದನ್ನು ಬರೆಯಬೇಡಿ.